‘ಬಂದ’ ಅಲ್ಲ, ‘ಬಂದಳು’: ಹೆಸರು ಬದಲಾಯಿಸಿಕೊಂಡ ಪರಿಚಯದವರನ್ನು ಮಾತನಾಡಿಸುವ ಕ್ರಮ

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ನಮ್ಮ ಜತೆ ಕೆಲಸ ಮಾಡುತ್ತಿದ್ದವರೊಬ್ಬರು ಈಗ ಹೆಣ್ಣಾಗಿ ಬಾಳುತ್ತಿದ್ದಾರೆ. ಹೆಸರು ಬದಲಾಗಿದೆ. ಮುಂದಿನ ವಾರ ಉಡುಪಿಯಲ್ಲಿ ಒಂದು ಮದುವೆಗೆ ಇಬ್ಬರೂ ಹೋಗಲಿಕ್ಕುಂಟು. ಹೇಗೆ ಮಾತನಾಡಿಸುವುದು? ಬಾಯಿ ತಪ್ಪಿದರೆ ಎಂತ ಮಾಡುವುದು?’ ಈ ಲೇಖನ ಅಂಥವರಿಗಾಗಿ. ಮಾತನಾಡಿಸುವ ಮನಸ್ಸು ನಿಮಗೆ ಇದ್ದೇ ಇದೆ. ತೊಡಕಿರುವುದು ನಾಲಗೆಯಲ್ಲಿ, ಅದರಲ್ಲೂ ಕನ್ನಡದ ವ್ಯಾಕರಣದಲ್ಲಿ.

ಮೊದಲು ಎರಡು ಪದಗಳ ಅರ್ಥ ತಿಳಿದಿರಲಿ. ಹುಟ್ಟಿದಾಗ ಗಂಡು ಎಂದು ದಾಖಲಾಗಿ, ತಾನು ಹೆಣ್ಣು ಎಂದು ಅರಿತು ಹಾಗೆಯೇ ಬಾಳುವವರು ಟ್ರಾನ್ಸ್ ಮಹಿಳೆ. ಹೆಣ್ಣು ಎಂದು ದಾಖಲಾಗಿ ಗಂಡಾಗಿ ಬಾಳುವವರು ಟ್ರಾನ್ಸ್ ಪುರುಷ. ತಮ್ಮನ್ನು ಈ ಎರಡರಲ್ಲೂ ಸೇರಿಸಬೇಡಿ ಎನ್ನುವವರೂ ಇದ್ದಾರೆ. ಪತ್ರಿಕೆಗಳಲ್ಲಿ ಬರುವ ‘ಮಂಗಳಮುಖಿ’, ‘ತೃತೀಯ ಲಿಂಗಿ’, ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಪದಗಳು ಸಮುದಾಯವನ್ನು ಹೇಳುವಂಥವು. ಇವುಗಳಲ್ಲಿ ಒಂದನ್ನು ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ನಿಮ್ಮೆದುರು ನಿಂತ ವ್ಯಕ್ತಿಯನ್ನು ಕರೆಯಲು ಇವು ಯಾವುವೂ ಬೇಡ. ಅವರಿಗೆ ಹೆಸರುಂಟು.

ಇಲ್ಲಿ ಉದಾಹರಣೆಗೆ ಒಬ್ಬ ಟ್ರಾನ್ಸ್ ಮಹಿಳೆಯನ್ನು ತೆಗೆದುಕೊಳ್ಳೋಣ, ಹೆಸರು ದೀಪಾ ಎಂದಿರಲಿ. ಅವಳ ಹಳೆಯ ಹೆಸರು ಈ ಲೇಖನದಲ್ಲಿ ಎಲ್ಲಿಯೂ ಬರುವುದಿಲ್ಲ. ಅದು ಬೇಕಾಗುವುದೂ ಇಲ್ಲ.

1. ಲಿಂಗ ಎಲ್ಲಿ ಅಡಗಿದೆ ಎಂದು ತಿಳಿದುಕೊಳ್ಳಿ

ಕನ್ನಡದಲ್ಲಿ ಎದುರಾ ಎದುರು ಮಾತನಾಡುವಾಗ ಅಪಾಯ ಕಡಿಮೆ. ‘ನೀನು’, ‘ನೀವು’ ಎರಡಕ್ಕೂ ಲಿಂಗವಿಲ್ಲ. ‘ನೀನು ಯಾವಾಗ ಬಂದೆ?’ ಎಂದು ಗಂಡಿಗೂ ಕೇಳಬಹುದು, ಹೆಣ್ಣಿಗೂ ಕೇಳಬಹುದು. ಹೆಚ್ಚಿನ ತಪ್ಪುಗಳು ಆಗುವುದು ದೀಪಾಳ ಬಗ್ಗೆ ಮೂರನೆಯವರಿಗೆ ಹೇಳುವಾಗ, ಅದೂ ಅವಳು ಪಕ್ಕದಲ್ಲೇ ನಿಂತಿರುವಾಗ.

ಅಂಥ ಮಾತಿನಲ್ಲಿ ಲಿಂಗ ನಾಲ್ಕು ಕಡೆ ಇರುತ್ತದೆ. ‘ಅವನು, ಅವಳು’ ಎಂಬ ಸರ್ವನಾಮ, ಅಂದರೆ ಹೆಸರಿನ ಬದಲು ಬಳಸುವ ಪದ, ಎಲ್ಲರಿಗೂ ಗೊತ್ತಿರುವುದು. ಎರಡನೆಯದು ಕ್ರಿಯಾಪದದ ತುದಿ: ಬಂದ, ಬಂದಳು, ಬಂದರು. ಜನ ‘ಅವಳು’ ಎಂದು ಜಾಗ್ರತೆಯಿಂದ ಆರಂಭಿಸಿ ವಾಕ್ಯದ ಕೊನೆಯಲ್ಲಿ ‘ಬಂದಿದ್ದ’ ಎಂದು ಮುಗಿಸುವುದು ಇದರಿಂದಲೇ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುವುದು. ಅಷ್ಟು ಹೊತ್ತಿಗೆ ಗಮನ ವಿಷಯದ ಕಡೆ ಹೋಗಿರುತ್ತದೆ, ತುದಿಯನ್ನು ಹಳೆಯ ಅಭ್ಯಾಸ ಜೋಡಿಸಿಬಿಡುತ್ತದೆ.

ಮೂರನೆಯದು ಹೆಸರಿಗೆ ಹತ್ತುವ ಪ್ರತ್ಯಯ. ಕೆಲವರು ಗಂಡಿಗೂ ಹೆಣ್ಣಿಗೂ ಆಗುವ ಹೆಸರನ್ನೇ ಉಳಿಸಿಕೊಳ್ಳುತ್ತಾರೆ, ಕಿರಣ್ ಎಂದಿಟ್ಟುಕೊಳ್ಳಿ. ಹೆಸರು ಬದಲಾಗಲಿಲ್ಲವಲ್ಲ, ತೊಂದರೆ ಇಲ್ಲ ಎಂದುಕೊಂಡರೆ ‘ಕಿರಣನಿಗೆ ಕೊಡು’, ‘ಕಿರಣನ ಮನೆ’ ಎಂದು ಬಾಯಿಗೆ ಬಂದಿರುತ್ತದೆ. ಹೆಣ್ಣಾದರೆ ಅದು ‘ಕಿರಣಳಿಗೆ’, ‘ಕಿರಣಳ ಮನೆ’ ಆಗಬೇಕು. ನಾಲ್ಕನೆಯದು ಅಣ್ಣ, ಅಕ್ಕ, ಗೆಳೆಯ, ಗೆಳತಿಯಂಥ ಪದಗಳು. ನಮ್ಮ ಊರಿನ ಮಟ್ಟಿಗೆ ಇದರಲ್ಲಿ ‘ಮಾರಾಯ’ನನ್ನೂ ಸೇರಿಸಬೇಕು. ಮಂಗಳೂರಿನವರ ಬಾಯಲ್ಲಿ ಅದು ಪ್ರತಿ ಎರಡನೆಯ ವಾಕ್ಯಕ್ಕೆ ಬರುವುದು, ಯೋಚಿಸಿ ಹೇಳುವಂಥದ್ದಲ್ಲ. ಆದ್ದರಿಂದಲೇ ಜಾರುತ್ತದೆ. ಹುಡುಗಿಯರು ತಮ್ಮತಮ್ಮೊಳಗೆ ‘ಎಂತ ಮಾರಾಯ’ ಎನ್ನುವುದುಂಟು, ಅವರಿಗೆ ಅದು ತಾಗುವುದಿಲ್ಲ. ದೀಪಾಳಿಗೆ ತಾಗಬಹುದು, ಏಕೆಂದರೆ ಅವಳು ವರ್ಷಗಟ್ಟಲೆ ಅದನ್ನು ಬೇರೆ ಅರ್ಥದಲ್ಲಿ ಕೇಳಿಸಿಕೊಂಡಿದ್ದಾಳೆ. ‘ಮಾರಾಯ್ತಿ’ ಎನ್ನಿ. ಸಲುಗೆ ಅಷ್ಟಿಲ್ಲದಿದ್ದರೆ ‘ಮಾರಾಯ್ರೆ’ ಸಾಕು, ಅದು ಇಬ್ಬರಿಗೂ ಹೊಂದುತ್ತದೆ. ಕುಂದಾಪುರ ಕಡೆಯವರಿಗೆ ‘ಹ್ವಾಯ್’ ಇದ್ದೇ ಇದೆ.

ಮನೆಮಾತು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ತುಳುವಿನಲ್ಲಿ ಕನ್ನಡದ್ದೇ ರೀತಿ: ‘ಆಯೆ ಬತ್ತೆ’, ‘ಆಳ್ ಬತ್ತಳ್’, ಗೌರವಕ್ಕೆ ‘ಆರ್ ಬತ್ತೆರ್’. ಕೊಂಕಣಿಯಲ್ಲಿ ಮಾತ್ರ ಹೆಚ್ಚು ಜಾಗ್ರತೆ ಬೇಕು. ಅಲ್ಲಿ ‘ತೊ ಆಯ್ಲೊ’, ‘ತಿ ಆಯ್ಲಿ’ ಎಂಬ ವ್ಯತ್ಯಾಸ ಎದುರಿಗಿರುವವರನ್ನು ‘ನೀನು ಬಂದೆಯಾ’ ಎಂದು ಕೇಳುವಾಗಲೂ ಬರುತ್ತದೆ. ಕನ್ನಡದಲ್ಲಿ ಸುರಕ್ಷಿತವಾದ ಪ್ರಶ್ನೆ ಕೊಂಕಣಿಯಲ್ಲಿ ಸುರಕ್ಷಿತವಲ್ಲ.

ಹವ್ಯಕ ಕನ್ನಡದವರಿಗೆ ಒಂದು ವಿಶೇಷ ಎಚ್ಚರಿಕೆ. ನಿಮ್ಮ ಮನೆಯಲ್ಲಿ ‘ಅಕ್ಕ ಬಂತು’, ‘ಅದು ಒಳ ಇದ್ದು’ ಎಂದು ಹೆಂಗಸರ ಬಗ್ಗೆ ಹೇಳುವುದು ಸಹಜ, ಅದರಲ್ಲಿ ಪ್ರೀತಿಯೇ ಇದೆ. ಆದರೆ ಟ್ರಾನ್ಸ್ ವ್ಯಕ್ತಿಗಳನ್ನು ‘ಅದು’ ಎಂದು ಕರೆದು ಹೀಯಾಳಿಸುವುದು ಬೀದಿಯಲ್ಲಿ ದಿನಾ ನಡೆಯುವ ಸಂಗತಿ. ಹವ್ಯಕ ತಿಳಿಯದ ದೀಪಾಳ ಕಿವಿಗೆ ನಿಮ್ಮ ‘ಅದು’ ಆ ಬೀದಿಯ ‘ಅದು’ವಾಗಿಯೇ ಬೀಳುತ್ತದೆ. ಅವಳ ವಿಷಯ ಬಂದಾಗ ‘ಅವಳು ಬಂದಳು’ ಎಂಬ ಪೇಟೆಯ ಕನ್ನಡಕ್ಕೆ ಬನ್ನಿ.

2. ಕೇಳಿ ತಿಳಿದುಕೊಳ್ಳಿ, ಎರಡೇ ಪ್ರಶ್ನೆ

‘ನಿಮ್ಮ ಸರ್ವನಾಮ ಯಾವುದು’ ಎಂದು ಕನ್ನಡದಲ್ಲಿ ಯಾರೂ ಕೇಳುವುದಿಲ್ಲ, ಕೇಳಿದರೆ ಪರೀಕ್ಷೆಯ ಪ್ರಶ್ನೆಯ ಹಾಗಿರುತ್ತದೆ. ಹೆಸರು ಗೊತ್ತಿಲ್ಲದಿದ್ದರೆ, ‘ನಿಮ್ಮನ್ನು ಈಗ ಎಂತ ಹೇಳಿ ಕರೀಬೇಕು?’ ಸಾಕು. ಹೆಸರು ತಿಳಿದ ಮೇಲೂ ಸಂಶಯ ಉಳಿದರೆ ಕ್ರಿಯಾಪದದಲ್ಲೇ ಕೇಳಿ: ‘ನಿಮ್ಮ ಬಗ್ಗೆ ಬೇರೆಯವರ ಹತ್ರ ಹೇಳುವಾಗ ಬಂದ್ಲು ಅನ್ನುದಾ, ಬಂದ್ರು ಅನ್ನುದಾ?’ ಇದು ನಮ್ಮ ಮಾತಿನ ಧಾಟಿಗೆ ಒಗ್ಗುತ್ತದೆ, ಉತ್ತರವೂ ಸ್ಪಷ್ಟವಾಗಿ ಸಿಗುತ್ತದೆ. ಹತ್ತು ಜನರ ನಡುವೆ ಕೇಳಬೇಡಿ, ಮೊದಲೇ ಫೋನಿನಲ್ಲೋ ಮೆಸೇಜಿನಲ್ಲೋ ಕೇಳಿ.

ಎರಡನೆಯ ಪ್ರಶ್ನೆಯನ್ನು ಹೆಚ್ಚಿನವರು ಮರೆಯುತ್ತಾರೆ, ಅದೇ ಹೆಚ್ಚು ಮುಖ್ಯ: ‘ಈ ಹೆಸರು ಯಾರ ಯಾರ ಎದುರು ಹೇಳಬಹುದು?’ ಕೆಲಸದ ಜಾಗದಲ್ಲಿ ದೀಪಾ ಆಗಿರುವವಳು ಮನೆಯಲ್ಲಿ ಇನ್ನೂ ಹೇಳಿರದೇ ಇರಬಹುದು. ನೀವು ಒಳ್ಳೆಯ ಮನಸ್ಸಿನಿಂದ ಅವಳ ತಾಯಿಗೆ ಫೋನ್ ಮಾಡಿ ‘ದೀಪಾ ಇದ್ದಾಳಾ?’ ಎಂದರೆ ಆ ದಿನ ಮನೆಯಲ್ಲಿ ಎಂತ ಆಗುತ್ತದೋ ಹೇಳಲಿಕ್ಕೆ ಬರುವುದಿಲ್ಲ. ‘ಮನೆಗೆ ಫೋನ್ ಮಾಡಿದ್ರೆ ಯಾವ ಹೆಸರು ಹೇಳ್ಲಿ?’ ಎಂದು ನೇರ ಕೇಳಿ. ಅವಳು ಹಳೆಯ ಹೆಸರನ್ನೇ ಹೇಳಲು ಹೇಳಿದರೆ ಅಲ್ಲಿ ಅದನ್ನೇ ಹೇಳುವುದು ಸರಿ. ಅದು ತಪ್ಪಲ್ಲ, ಅವಳು ಬೇಡಿದ್ದು ಅದನ್ನೇ.

ಕೇಳಬಾರದ್ದು: ‘ನಿಜವಾದ ಹೆಸರು’, ಆಪರೇಷನ್ ಆಯಿತಾ, ಮನೆಯವರು ಒಪ್ಪಿದರಾ. ಅವಳಾಗಿ ಹೇಳಿದರೆ ಕೇಳಿಸಿಕೊಳ್ಳಿ.

‘ರೆಕಾರ್ಡಿನಲ್ಲಿ ಹಳೆಯ ಹೆಸರೇ ಉಂಟಲ್ಲ’ ಎಂದು ಹೇಳುವವರೂ ಇದ್ದಾರೆ. 2014ರ ಏಪ್ರಿಲ್ 15ರಂದು ನಾಲ್ಸಾ, ಅಂದರೆ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ, ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವ್ಯಕ್ತಿ ತನ್ನ ಲಿಂಗವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವಂತಿಲ್ಲ ಎಂದಿತು. ಮದುವೆ ಹಾಲಿನಲ್ಲಿ ಒಬ್ಬಳನ್ನು ಹೆಸರು ಹಿಡಿದು ಕರೆಯಲು ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಪಪ್ಪು, ಬೇಬಿ, ಅಪ್ಪಿ ಎಂದು ಊರಿಡೀ ಕರೆಯುವಾಗ ನಾವು ಯಾರ ಆಧಾರ್ ಕಾರ್ಡನ್ನೂ ನೋಡಿದವರಲ್ಲ.

3. ಭೇಟಿಗೆ ಮೊದಲು ಬಾಯಿಪಾಠ

ಮನಸ್ಸಿನಲ್ಲೇ ನೆನಪಿಟ್ಟುಕೊಂಡರೆ ಸಾಲದು, ನಾಲಗೆಗೆ ಅಭ್ಯಾಸ ಆಗಬೇಕು. ಒಬ್ಬರೇ ಇರುವಾಗ, ಸ್ಕೂಟರಿನಲ್ಲಿ ಹೋಗುವಾಗಲೂ ಆಗುತ್ತದೆ, ಅವಳ ಬಗ್ಗೆ ಹತ್ತು ವಾಕ್ಯ ಗಟ್ಟಿಯಾಗಿ ಹೇಳಿ. ‘ದೀಪಾ ಈಗ ಮಂಗಳೂರಲ್ಲಿದ್ದಾಳೆ. ಅವಳಿಗೆ ನಾಳೆ ರಜೆ. ಮದುವೆಗೆ ಬರ್ತಾಳಂತೆ.’ ಮೂರು ದಿನ ಹೀಗೆ ಮಾಡಿದರೆ ಸಾಮಾನ್ಯ ಮಾತು ಹಗುರಾಗುತ್ತದೆ.

ಹತ್ತರಲ್ಲಿ ಕನಿಷ್ಠ ಐದು ವಾಕ್ಯ ಹಳೆಯ ನೆನಪುಗಳದ್ದಾಗಿರಲಿ. ಜಾರುವುದು ಅಲ್ಲೇ. ‘ಆಫೀಸಿಂದ ಪಣಂಬೂರು ಬೀಚಿಗೆ ಹೋದಾಗ ದೀಪಾ ಚಪ್ಪಲಿ ಕಳ್ಕೊಂಡಿದ್ಲು’ ಎಂದು ಹೇಳಿ ನೋಡಿ. ಆ ನೆನಪು ಹಳೆಯ ಹೆಸರಿನ ಜತೆಗೇ ಮನಸ್ಸಿನಲ್ಲಿ ಕೂತಿದೆ, ಎಳೆದರೆ ಎರಡೂ ಒಟ್ಟಿಗೆ ಬರುತ್ತವೆ. ‘ಆಗ ಅವನು ಆಗಿದ್ದ, ಈಗ ಅವಳು’ ಎಂದು ಕಾಲವನ್ನು ಎರಡಾಗಿ ಹಂಚುವವರಿದ್ದಾರೆ. ಹಾಗೆ ಮಾಡಬೇಡಿ. ಹಿಂದಿನ ಕಾಲಕ್ಕೂ ಈಗಿನ ಹೆಸರೇ, ಈಗಿನ ಪ್ರತ್ಯಯವೇ. ಅವಳೇ ಬೇರೆ ರೀತಿ ಹೇಳಿಕೊಂಡರೆ ಮಾತ್ರ ಅವಳ ಹಾಗೆ. ಟ್ರಾನ್ಸ್ ಮಹಿಳೆಯಾದ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಇಡೀ ಕರ್ನಾಟಕ ‘ಮಂಜಮ್ಮ ಜೋಗತಿ ಅವರು’ ಎಂದೇ ಓದಿತು, ಮಾತನಾಡಿತು. ಅವರ ಬಾಲ್ಯದ ಕಥೆ ಹೇಳುವಾಗಲೂ ನಮಗೆ ಹಾಗೆ ಹೇಳಲು ಕಷ್ಟವಾಗುವುದಿಲ್ಲ. ನಮ್ಮ ಪರಿಚಯದವರ ಮಟ್ಟಿಗೆ ಕಷ್ಟವಾಗುವುದು ಹಳೆಯ ರೂಢಿಯಿಂದ ಮಾತ್ರ.

ಇದರ ಜತೆಗೆ ಫೋನಿನಲ್ಲಿ ಅವಳ ಹೆಸರನ್ನು ಬದಲಾಯಿಸಿ. ಕರೆ ಬಂದಾಗಲೆಲ್ಲ ಪರದೆಯಲ್ಲಿ ಹಳೆಯ ಹೆಸರು ಕಂಡರೆ ಅಭ್ಯಾಸ ಹಿಂದಕ್ಕೆ ಹೋಗುತ್ತದೆ, ಪಕ್ಕದಲ್ಲಿ ಕೂತವರಿಗೂ ಕಾಣುತ್ತದೆ.

ಕರಾವಳಿಯ ಕನ್ನಡದಲ್ಲೇ ಒಂದು ಅನುಕೂಲವೂ ಇದೆ. ನಾವು ‘ಬಂದಳು’ ಎನ್ನುವ ಜಾಗದಲ್ಲಿ ‘ಬಂದದ್ದು’ ಎನ್ನುತ್ತೇವಲ್ಲ, ಅದಕ್ಕೆ ಲಿಂಗವಿಲ್ಲ. ‘ದೀಪಾ ನಿನ್ನೆ ಬಂದದ್ದು’, ‘ಬಸ್ಸಲ್ಲೇ ಬಂದದ್ದಂತೆ’. ನಾಲಗೆ ಇನ್ನೂ ಹದಕ್ಕೆ ಬಾರದ ಮೊದಲ ದಿನಗಳಲ್ಲಿ ಇದು ಆಸರೆ. ಆದರೆ ಅದರಲ್ಲೇ ಉಳಿದುಬಿಡಬೇಡಿ. ‘ಅವಳು’ ಎಂಬುದನ್ನು ನೀವು ಒಮ್ಮೆಯೂ ಹೇಳದಿದ್ದರೆ ಅದು ಅವಳಿಗೆ ತಿಳಿಯುತ್ತದೆ.

‘ಅವರು’ ಎಂಬುದಕ್ಕೂ ಇದೇ ಮಾತು. ದೊಡ್ಡವರಿಗೆ, ಹೊಸಬರಿಗೆ, ಗೌರವಕ್ಕೆ ‘ಅವರು’ ಸರಿ. ‘ಅವರು’ ಎಂದೇ ಹೇಳಿ ಎಂದು ಕೇಳಿಕೊಂಡವರಿಗಂತೂ ಅದೇ ಸರಿ. ಆದರೆ ನಿಮ್ಮ ಗುಂಪಿನ ಎಲ್ಲ ಹುಡುಗಿಯರಿಗೂ ‘ಅವಳು’ ಎನ್ನುತ್ತಾ ದೀಪಾಳಿಗೊಬ್ಬಳಿಗೆ ‘ಅವರು’ ಎಂದರೆ ಅವಳನ್ನು ಸಾಲಿನಿಂದ ಹೊರಗೆ ನಿಲ್ಲಿಸಿದ ಹಾಗೆ. ಬೇರೆ ಗೆಳತಿಗೆ ಯಾವುದು ಹೇಳುತ್ತೀರೋ ಅದೇ ಇವಳಿಗೂ.

4. ಎದುರಾದಾಗ

ಮದುವೆ ಹಾಲ್. ಊಟದ ಹೊತ್ತು. ಕೈತೊಳೆಯುವ ಜಾಗದ ಹತ್ತಿರ ದೀಪಾ ಸಿಕ್ಕಿದಳು, ಸೀರೆ ಉಟ್ಟಿದ್ದಾಳೆ, ಮಲ್ಲಿಗೆ ಮುಡಿದಿದ್ದಾಳೆ. ಎರಡು ವರ್ಷದ ನಂತರ ನೋಡುತ್ತಿದ್ದೀರಿ. ಹೆಸರು ಮೊದಲು ಬರಲಿ, ಆಮೇಲೆ ಎಲ್ಲರಿಗೂ ಕೇಳುವ ಮಾತು: ‘ಹೋ ದೀಪಾ! ಕಾಣದೆ ಎಷ್ಟು ಸಮಯ ಆಯ್ತು. ಊಟ ಆಯ್ತಾ?’ ಇಷ್ಟೇ. ಹೆಸರನ್ನು ಒಮ್ಮೆ ಹೇಳಿದರೆ ಸಾಕು. ಪ್ರತಿ ವಾಕ್ಯಕ್ಕೂ ‘ದೀಪಾ, ದೀಪಾ’ ಎಂದರೆ ನೀವು ಪರೀಕ್ಷೆಗೆ ಓದಿಕೊಂಡು ಬಂದದ್ದು ಗೊತ್ತಾಗುತ್ತದೆ. ಸೀರೆ ಚೆಂದ ಕಂಡರೆ ಚೆಂದ ಉಂಟು ಎನ್ನಿ, ಬೇರೆ ಹೆಂಗಸರಿಗೆ ಹೇಳುವ ಹಾಗೆ.

ಇಲ್ಲಿ ಆಗುವ ಎರಡು ತಪ್ಪುಗಳನ್ನು ಹೇಳಲೇಬೇಕು. ‘ನೋಡಿದ್ರೆ ಗೊತ್ತೇ ಆಗುದಿಲ್ಲ’ ಎಂಬುದು ಹೊಗಳಿಕೆಯಲ್ಲ. ಅವಳು ಏನನ್ನೋ ಮರೆಸಿ ನಿಂತಿದ್ದಾಳೆ ಎಂದಂತಾಗುತ್ತದೆ. ಇನ್ನೊಂದು ನಮ್ಮ ಜಿಲ್ಲೆಗಳದ್ದೇ ತಪ್ಪು: ‘ಯಕ್ಷಗಾನದ ಸ್ತ್ರೀವೇಷದ ಹಾಗೆ ಉಂಟು’. ಸ್ತ್ರೀವೇಷ ಮಾಡುವ ಕಲಾವಿದರ ಬಗ್ಗೆ ನಮಗೆ ಅಭಿಮಾನವಿದೆ, ಹೇಳುವವರೂ ಮೆಚ್ಚಿಯೇ ಹೇಳುತ್ತಾರೆ. ಆದರೆ ವೇಷಧಾರಿ ಬೆಳಗ್ಗೆ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ವೇಷ ಬಿಚ್ಚಿಟ್ಟು ಮನೆಗೆ ಹೋಗುತ್ತಾರೆ. ದೀಪಾಳಿಗೆ ಬಿಚ್ಚಿಡುವಂಥದ್ದು ಯಾವುದೂ ಇಲ್ಲ.

ಪರಿಚಯಿಸುವಾಗ ಚರಿತ್ರೆ ಬೇಡ. ‘ಚಿಕ್ಕಪ್ಪ, ಇವಳು ದೀಪಾ, ನಾವು ಒಟ್ಟಿಗೆ ಕೆಲಸ ಮಾಡ್ತಿದ್ದದ್ದು.’ ಅಲ್ಲಿಗೆ ನಿಲ್ಲಿಸಿ. ‘ಮೊದಲು ಬೇರೆ ಹೆಸರಿತ್ತು’ ಎಂಬ ಒಂದು ವಾಕ್ಯ ಸೇರಿಸಿದರೆ ಉಳಿದ ಊಟವಿಡೀ ಚಿಕ್ಕಪ್ಪ ಅದನ್ನೇ ಕೇಳುತ್ತಾರೆ.

5. ನಾಲಗೆ ಜಾರಿತು, ಈಗ?

ಜಾರಿದ ಪದದ ಹತ್ತಿರವೇ ನಿಲ್ಲಿ, ಸರಿಯಾದ ಪದ ಹೇಳಿ, ವಾಕ್ಯ ಮುಂದುವರಿಸಿ. ಮೂರು ಸೆಕೆಂಡಿನ ಕೆಲಸ. ಅದೇ ಚಿಕ್ಕಪ್ಪನ ಹತ್ತಿರ ಮಾತು ಹೀಗೆ ಹೋಗುತ್ತದೆ ಎಂದುಕೊಳ್ಳಿ:

‘ಇವನು ಆಗ ಅಕೌಂಟ್ಸಲ್ಲಿ… ಇವಳು ಆಗ ಅಕೌಂಟ್ಸಲ್ಲಿದ್ಲು. ಲೆಕ್ಕ ಅಂದ್ರೆ ಇವಳ ಹತ್ರ ಬಿಟ್ಟುಬಿಡ್ಬೇಕು.’

ಎರಡನೆಯ ವಾಕ್ಯವನ್ನು ಗಮನಿಸಿ. ತಿದ್ದಿಕೊಂಡ ತಕ್ಷಣ ಸರಿಯಾದ ಪದವನ್ನು ಇನ್ನೊಮ್ಮೆ, ಸಹಜವಾಗಿ, ಬೇರೆ ವಾಕ್ಯದಲ್ಲಿ ಬಳಸಲಾಗಿದೆ. ಕೇಳುವವರ ಕಿವಿಯಲ್ಲಿ ಉಳಿಯುವುದು ಅದು. ನಿಮ್ಮ ನಾಲಗೆಗೂ ಸರಿಯಾದದ್ದೇ ಕೊನೆಯ ಪಾಠವಾಗುತ್ತದೆ.

ಜಾರಿದ್ದು ಕ್ರಿಯಾಪದದ ತುದಿಯಲ್ಲಾದರೆ ಕನ್ನಡ ನಿಮ್ಮ ಕೈ ಹಿಡಿಯುತ್ತದೆ. ‘ಬಂದಿದ್ದ’ ಎಂದಾಗ ನೆನಪಾಯಿತೇ? ಅದಕ್ಕೇ ‘ಳು’ ಸೇರಿಸಿ, ‘ಬಂದಿದ್ದಳು’ ಆಯಿತು, ಯಾರಿಗೂ ತಿಳಿಯುವುದಿಲ್ಲ. ಈ ಅನುಕೂಲ ಭೂತಕಾಲಕ್ಕೆ ಮಾತ್ರ. ‘ಬರ್ತಾನೆ’ ಎಂದುಬಿಟ್ಟರೆ ‘ಬರ್ತಾಳೆ’ ಎಂದು ಇಡೀ ಪದವನ್ನೇ ಮತ್ತೆ ಹೇಳಬೇಕು. ಟ್ರಾನ್ಸ್ ಪುರುಷರ ವಿಷಯದಲ್ಲೂ ಹಾಗೆಯೇ: ‘ಬಂದಿದ್ದಳು’ ಎಂದದ್ದರಿಂದ ‘ಳು’ವನ್ನು ಹಿಂದಕ್ಕೆ ಎಳೆಯಲಾಗುವುದಿಲ್ಲ, ‘ಬಂದಿದ್ದ’ ಎಂದು ಸ್ಪಷ್ಟವಾಗಿ ಇನ್ನೊಮ್ಮೆ ಹೇಳಿ.

ಜಾರಿದ್ದು ಹಳೆಯ ಹೆಸರಾದರೆ ತುಸು ಭಾರ ಹೆಚ್ಚು. ಅಲ್ಲಿ ‘ಸಾರಿ, ದೀಪಾ’ ಎಂದು ಒಂದು ಸಲ ಹೇಳಿ ಮುಂದೆ ಹೋಗಿ. ಒಂದು ಸಲ ಮಾತ್ರ.

ಹೆಚ್ಚಿನವರು ಎಡವುವುದು ಇಲ್ಲಿಯೇ. ತಪ್ಪಿದ್ದಕ್ಕಿಂತ ದೊಡ್ಡ ತೊಂದರೆ ಆಮೇಲಿನ ಕ್ಷಮಾಪಣೆಯಿಂದ ಆಗುತ್ತದೆ. ‘ಅಯ್ಯೋ ದೇವರೇ, ನಂಗೆ ಇನ್ನೂ ಅಭ್ಯಾಸ ಆಗ್ಲಿಲ್ಲ, ಎಷ್ಟು ವರ್ಷದಿಂದ ಹಾಗೇ ಕರ್ದದ್ದಲ್ವಾ, ಬೇಜಾರು ಮಾಡ್ಬೇಡ’ ಎಂದು ಶುರುವಾದರೆ ಪಂಕ್ತಿಯಲ್ಲಿ ಕೂತ ಎಲ್ಲರೂ ತಿರುಗಿ ನೋಡುತ್ತಾರೆ. ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ. ಕೊನೆಗೆ ದೀಪಾಳೇ ‘ಪರ್ವಾಗಿಲ್ಲ ಬಿಡಿ’ ಎಂದು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ನೊಂದವಳ ಮೇಲೆ ಆ ಕೆಲಸವನ್ನೂ ಹೇರಬಾರದು. ಅವಳ ಮುಖ ಬಾಡಿದ್ದು ಕಂಡರೂ ಅಲ್ಲೇ ವಿಚಾರಿಸಲು ಹೋಗಬೇಡಿ.

ತಪ್ಪಿದ್ದು ಮನೆಗೆ ಬಂದ ಮೇಲೆ ನೆನಪಾದರೆ ಸಣ್ಣದೊಂದು ಮೆಸೇಜ್ ಕಳುಹಿಸಿ: ‘ಚಿಕ್ಕಪ್ಪನ ಎದುರು ಹಳೆಯ ಹೆಸರು ಬಾಯಿಗೆ ಬಂತು, ನನ್ನ ತಪ್ಪು. ಇನ್ನು ಜಾಗ್ರತೆ ಮಾಡ್ತೇನೆ.’ ಕಾರಣಗಳನ್ನು ಬರೆಯಬೇಡಿ. ಉತ್ತರ ಬಾರದಿದ್ದರೆ ಮತ್ತೊಂದು ಮೆಸೇಜ್ ಬೇಡ.

6. ಬೇರೆಯವರು ತಪ್ಪಿದಾಗ

ಚಿಕ್ಕಪ್ಪನಿಗೆ ಅವಳ ಹಳೆಯ ಪರಿಚಯವಿದ್ದು ಹಳೆಯ ಹೆಸರನ್ನೇ ಹೇಳಿದರು ಎನ್ನಿ. ಪಾಠ ಮಾಡಬೇಡಿ. ಸರಿಯಾದ ಹೆಸರನ್ನು ನಿಮ್ಮ ಉತ್ತರದಲ್ಲಿ ಸೇರಿಸಿ: ‘ಹಾಂ, ದೀಪಾ ಈಗ ಮಂಗಳೂರಲ್ಲೇ ಇರುದು.’ ಹೆಚ್ಚಿನವರು ಅಷ್ಟಕ್ಕೇ ತಿದ್ದಿಕೊಳ್ಳುತ್ತಾರೆ. ಮತ್ತೆ ಮತ್ತೆ ಹಾಗೇ ಆದರೆ ಆಮೇಲೆ ಒಬ್ಬರೇ ಸಿಕ್ಕಾಗ ಹೇಳಿ. ಅದಕ್ಕೂ ಮೊದಲು ದೀಪಾಳನ್ನು ಕೇಳಿರಬೇಕು, ‘ಯಾರಾದ್ರೂ ತಪ್ಪು ಹೇಳಿದ್ರೆ ನಾನು ತಿದ್ದುದಾ, ಬಿಡುದಾ?’ ಎಂದು. ಕೆಲವರಿಗೆ ಜತೆಯವರು ತಿದ್ದಿದರೆ ನೆಮ್ಮದಿ, ಕೆಲವರಿಗೆ ಎಲ್ಲರ ಗಮನ ತಮ್ಮತ್ತ ತಿರುಗುವುದೇ ಹಿಂಸೆ.

7. ಕಾಗದ, ಪರದೆ, ಲಕೋಟೆ

ಮಾತಿನಲ್ಲಿ ಎಲ್ಲ ಸರಿಯಾಗಿ ಆಮೇಲೆ ಬರವಣಿಗೆಯಲ್ಲಿ ಕೆಡುವುದುಂಟು. ದೀಪಾಳಿಗೆ ಫೋನಿನಲ್ಲಿ ಹಣ ಕಳುಹಿಸುವಾಗ ಪರದೆಯಲ್ಲಿ ಬರುವುದು ಬ್ಯಾಂಕಿನಲ್ಲಿರುವ ಹೆಸರು. ದಾಖಲೆ ಇನ್ನೂ ಬದಲಾಗದಿದ್ದರೆ ಅದು ಹಳೆಯದೇ. ‘ಇದು ನೀನೇ ಅಲ್ವಾ?’ ಎಂದು ಆ ಹೆಸರನ್ನು ಗಟ್ಟಿಯಾಗಿ ಓದುವುದು ನಮ್ಮ ರೂಢಿ. ಓದಬೇಡಿ, ಪರದೆಯನ್ನು ಅವಳಿಗೆ ತೋರಿಸಿ, ತಲೆಯಾಡಿಸಿದರೆ ಕಳುಹಿಸಿ. ನೀವು ಕೌಂಟರಿನಲ್ಲಿ ಕೆಲಸ ಮಾಡುವವರಾದರೂ ಹಾಗೆಯೇ: ದಾಖಲೆಯ ಹೆಸರು ಬರೆಯಲೇಬೇಕಿದ್ದರೆ ಬರೆಯಿರಿ, ಕರೆಯುವಾಗ ಟೋಕನ್ ನಂಬರ್ ಹೇಳಿ.

ವಾಟ್ಸಾಪ್ ಗುಂಪಿನಲ್ಲಿ ಹಳೆಯ ಫೋಟೋ ಹಾಕುವ ಮೊದಲು ಅವಳನ್ನು ಕೇಳಿ. ಆಮಂತ್ರಣದ ಲಕೋಟೆಯ ಮೇಲೆ ಶ್ರೀ, ಶ್ರೀಮತಿ, ಕುಮಾರಿ ಎಂಬುದರಲ್ಲಿ ಸಂಶಯವಿದ್ದರೆ ‘ದೀಪಾ ಅವರಿಗೆ’ ಎಂದಷ್ಟೇ ಬರೆಯಿರಿ. ಮನೆಯ ವಿಳಾಸಕ್ಕೆ ಕಳುಹಿಸುವುದಾದರೆ ಎರಡನೆಯ ಹಂತದ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿಕೊಳ್ಳಿ, ಆ ಲಕೋಟೆಯನ್ನು ಬಾಗಿಲಲ್ಲಿ ತೆಗೆದುಕೊಳ್ಳುವವರು ಬೇರೆ ಯಾರೋ ಆಗಿರಬಹುದು.